ಮಿಥೈಲ್ ಆರೆಂಜ್ ಸಾಹೇಬರು

ಹುಲಿಗೇಶ್ ಸುಳ್ಳು ಹೇಳಿ ಕೆಲಸಕ್ಕೆ ಸೇರಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಅವರ ಅರ್ಜಿಯಲ್ಲಿ ಇದ್ದದ್ದೆಲ್ಲ ನಿಜ: 'ಪಿಕ್ಲಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳ ಅನುಭವ.'

ಆ ಅರ್ಜಿಯನ್ನು ಓದಿದವರು ವೀರೇಶ್. ಕಂಪ್ಲಿಯಲ್ಲಿ ಮೂರು ತಲೆಮಾರಿನಿಂದ ಅಕ್ಕಿ ಗಿರಣಿ ನಡೆಸಿಕೊಂಡು ಬಂದ ಮನೆತನದವರು. ಅಕ್ಕಿ ಸಾಕೆನಿಸಿ, ಹೊಸಪೇಟೆಯ ಹೊರಗೆ ಸಂಡೂರು ರಸ್ತೆಯಲ್ಲಿ ಒಂದು ಶೆಡ್ ಹಾಕಿಸಿ, ತಾಯಿ ಗಂಗಾಂಬಿಕಾ ಅವರ ಹೆಸರಿನಲ್ಲಿ ಉಪ್ಪಿನಕಾಯಿ ಮತ್ತು ವಿನೆಗರ್ ತಯಾರಿಸುವ ಕಂಪನಿ ಶುರುಮಾಡಿದ್ದರು. ಅವರಿಗೆ ಗೊತ್ತಿದ್ದ ಪಿಕಲ್ ಒಂದೇ, ಮಾವಿನಕಾಯಿಯದು.

"ಇಪ್ಪತ್ತೆರಡು ವರ್ಷ ಪಿಕ್ಲಿಂಗೇ ಮಾಡೀರೇನ್ರಿ?" ಎಂದು ಸಂದರ್ಶನದಲ್ಲಿ ಕೇಳಿದರು.

"ಅದು ಬಿಟ್ರ ಬ್ಯಾರೆ ಏನೂ ಮಾಡಿಲ್ರಿ."

"ದಿನಕ್ಕ ಎಷ್ಟು ತೆಗೀತಿದ್ರಿ?"

"ಆರ್ಡರ್ ಮ್ಯಾಲ್ರಿ. ಎಂಟುನೂರು ಟನ್ನಿಗೆ ಕಮ್ಮಿ ಇಲ್ರಿ."

ದಿನಕ್ಕೆ ಎಂಟುನೂರು ಟನ್ ಉಪ್ಪಿನಕಾಯಿ ತಿನ್ನುವ ಜನ ಯಾವ ಊರಿನಲ್ಲಿದ್ದಾರೆ ಎಂದು ಕೇಳುವುದು ವೀರೇಶರಿಗೆ ಹೊಳೆಯಲಿಲ್ಲ. ಅಲ್ಲಿಯೇ ಎದ್ದು ಕೈಕುಲುಕಿ 'ಕ್ವಾಲಿಟಿ ಮ್ಯಾನೇಜರ್' ಎಂದು ಹೆಸರುಫಲಕ ಮಾಡಿಸಲು ಹೇಳಿದರು.

ಉಕ್ಕಿನ ಕಾರ್ಖಾನೆಯಲ್ಲಿ ಪಿಕ್ಲಿಂಗ್ ಎಂದರೆ ಬೇರೆ. ಕಬ್ಬಿಣದ ಹಾಳೆಯ ಮೇಲಿನ ತುಕ್ಕು, ಕಪ್ಪು ಪದರ ಹೋಗಲೆಂದು ಅದನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಆ ತೊಟ್ಟಿಯ ಆಸಿಡ್ ಎಷ್ಟು ಖಾರವಾಗಿದೆ ಎಂದು ನೋಡುವುದೇ ಹುಲಿಗೇಶರ ಕೆಲಸವಾಗಿತ್ತು. ಹೊಸ ಕೆಲಸಕ್ಕೆ ಬಂದ ಮೊದಲ ದಿನ ಶೆಡ್ಡಿನಲ್ಲಿ ಮಾವಿನ ಹೋಳುಗಳ ಡ್ರಮ್ಮುಗಳನ್ನು ಕಂಡಾಗ ಅವರಿಗೂ ವಿಷಯ ತಿಳಿಯಿತು. ಆದರೆ ಅಷ್ಟರಲ್ಲಿ ಹೆಸರುಫಲಕಕ್ಕೆ ಮೊಳೆ ಹೊಡೆದಾಗಿತ್ತು. ಆಸಿಡ್ ಎಲ್ಲಿದ್ದರೂ ಆಸಿಡ್ಡೇ ಎಂದು ಸಮಾಧಾನ ಮಾಡಿಕೊಂಡು ಅವರು ಕುರ್ಚಿಯಲ್ಲಿ ಕುಳಿತರು.

ಅವರ ಕೈಕೆಳಗೆ ಇದ್ದವಳು ಸುಷ್ಮಿತಾ. ಪಾಪಿನಾಯಕನಹಳ್ಳಿಯವಳು, ಬಿ.ಎಸ್‌ಸಿ. ಮುಗಿಸಿ ಮೂರು ತಿಂಗಳಾಗಿತ್ತು. ಗಾಜಿನ ಸಾಮಾನು ತೊಳೆಯುವುದು, ಪರೀಕ್ಷೆಯ ರಿಜಿಸ್ಟರ್ ಬರೆಯುವುದು ಅವಳ ಕೆಲಸ. ಹಿಂದೆ ಇದ್ದ ಕೆಮಿಸ್ಟ್ ದೋಣಿಮಲೈ ಕಡೆ ಕೆಲಸ ಸಿಕ್ಕಿತೆಂದು ಬಿಟ್ಟು ಹೋಗಿದ್ದ. ಅವನು ಬಿಟ್ಟುಹೋದ ಒಂದು ಸಣ್ಣ ಬಾಟಲಿಯನ್ನು ಹುಲಿಗೇಶ್ ಬೆಳಕಿಗೆ ಹಿಡಿದು ನೋಡಿದರು.

"ಇದೇನಮ್ಮಾ, ನೀರಿನಂಗ ಐತಿ?"

"ಫಿನಾಲ್ಫ್ಥಲೀನ್ ಸರ್. ವಿನೆಗರ್ ಪರೀಕ್ಷೆಗೆ ಹಾಕೋ ಇಂಡಿಕೇಟರ್, ಆಸಿಡ್ ತೀರಿದ ಕೂಡ್ಲೆ ಗುಲಾಬಿ ಬಣ್ಣಕ್ಕ ತಿರುಗತೈತ್ರಿ."

"ಬಣ್ಣಾನೇ ಇಲ್ಲ, ಇಂಡಿಕೇಟರ್ ಅಂತ! ಇಡು ಅತ್ಲಾಗ." ಅವರು ತಮ್ಮ ಚೀಲದಿಂದ ಕಿತ್ತಳೆ ಬಣ್ಣದ ಒಂದು ಬಾಟಲಿ ತೆಗೆದರು. "ಇದು ನೋಡು, ಮಿಥೈಲ್ ಆರೆಂಜ್. ಇಪ್ಪತ್ತೆರಡು ವರ್ಷ ಒಂದಿನ ಕೈಕೊಟ್ಟಿಲ್ಲ."

ವಿನೆಗರ್ ಮಾಡುವುದು ಅಲ್ಲಿ ದೊಡ್ಡ ವಿದ್ಯೆಯೇನಲ್ಲ. ಕ್ಯಾನುಗಳಲ್ಲಿ ಬರುವ ಗಟ್ಟಿ ಅಸಿಟಿಕ್ ಆಸಿಡ್ಡನ್ನು ಅಳತೆ ಮಾಡಿ ನೀರಿಗೆ ಬೆರೆಸಬೇಕು. ನೂರಕ್ಕೆ ನಾಲ್ಕು ಭಾಗ ಆಸಿಡ್ ಇರಬೇಕು. ಬಾಟಲಿಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಹುಲಿಗೇಶ್ ತೊಟ್ಟಿಯಿಂದ ಮಾದರಿ ತೆಗೆಸಿ, ಹತ್ತರಷ್ಟು ತೆಳು ಮಾಡಿಸಿ, ಇಪ್ಪತ್ತೈದು ಮಿಲಿಲೀಟರ್ ಫ್ಲಾಸ್ಕಿಗೆ ಹಾಕಿ, ಎರಡು ಹನಿ ಮಿಥೈಲ್ ಆರೆಂಜ್ ಬಿಟ್ಟರು. ಕೆಂಪಾಯಿತು. ಅಳತೆಯ ಗೆರೆಗಳಿದ್ದ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ, ಆಸಿಡ್ಡನ್ನು ತೀರಿಸುವ ಕಾಸ್ಟಿಕ್ ಸೋಡಾ ದ್ರಾವಣವನ್ನು ಬಿಡುತ್ತಾ ಹೋದರು. ಕೆಂಪು ಮೆಲ್ಲಗೆ ಕಿತ್ತಳೆಯಾಗಿ, ಕಿತ್ತಳೆ ಇನ್ನೂ ಮೆಲ್ಲಗೆ ಹಳದಿಯಾಯಿತು. ಐದು ಮಿಲಿಲೀಟರಿಗೆ ನಿಲ್ಲಿಸಿದರು.

ಬಣ್ಣ ತಿರುಗಲು ಹಿಡಿದ ಸೋಡಾದ ಮೇಲೆ ಲೆಕ್ಕ ಹಾಕಿದರೆ ಆಸಿಡ್ ನೂರಕ್ಕೆ ನಾಲ್ಕಲ್ಲ, ಒಂದು ಚಿಲ್ಲರೆ.

"ಕಂಡ್ಯಾ? ಹಿಂದಿನವ ನೀರು ಮಾರ್ಯಾನ!"

"ಸರ್, ಅದು ವೀಕ್ ಆಸಿಡ್. ಸೋಡಾದಂಥ ಸ್ಟ್ರಾಂಗ್ ಬೇಸ್ ಹಾಕಿದ್ರ ಫಿನಾಲ್ಫ್ಥಲೀನೇ ಹಾಕಬೇಕು ಅಂತ..."

"ಯಾಕ?"

ಸುಷ್ಮಿತಾ ತನ್ನ ನೋಟ್ಸು ನೆನಪಿಸಿಕೊಂಡಳು. ಕಾಲೇಜಿನಲ್ಲಿ ಈ ವಾಕ್ಯವನ್ನು ನೋಟ್ಸಿನಲ್ಲಿ ಬರೆಸಿದ್ದರು, ಇವಳು ಬರೆದುಕೊಂಡಿದ್ದಳು, ಪರೀಕ್ಷೆಯಲ್ಲಿ ಮತ್ತೆ ಬರೆದು ಐದಕ್ಕೆ ಐದು ಪಡೆದಿದ್ದಳು. ಯಾಕೆ ಎಂದು ಬರೆಸಿದವರೂ ಹೇಳಿರಲಿಲ್ಲ, ಬರೆದುಕೊಂಡವರೂ ಕೇಳಿರಲಿಲ್ಲ.

"ಪುಸ್ತಕದಾಗ ಐತ್ರಿ," ಎಂದಳು.

"ಪುಸ್ತಕ ಬರೆದಾವ ಆಸಿಡ್ ತೊಟ್ಟಿ ಕಂಡಾನೇನು?" ಎಂದು ಹುಲಿಗೇಶ್ ನಕ್ಕರು. ಅಂದೇ ಮಧ್ಯಾಹ್ನ ತೊಟ್ಟಿಗೆ ಮತ್ತೆ ಮತ್ತೆ ಆಸಿಡ್ ಸುರಿಸಿದರು. ತಮ್ಮ ಹಳದಿ ಬಣ್ಣವು 'ನಾಲ್ಕು' ಎಂದು ಹೇಳುವವರೆಗೆ ಬಿಡಲಿಲ್ಲ. ಮೂರು ಪಟ್ಟಿಗಿಂತ ಹೆಚ್ಚು ಆಸಿಡ್ ಹೋಯಿತು. ರಿಜಿಸ್ಟರಿನಲ್ಲಿ 'ನಾಲ್ಕು, ಸರಿ' ಎಂದು ಬರೆಸಿ ಕೆಳಗೆ ರುಜು ಹಾಕಿದರು. ಸುಂದರವಾದ ರುಜು, ಕೊನೆಯ ಅಕ್ಷರದ ಬಾಲ ಪುಟದ ಅಂಚಿನವರೆಗೆ ಹೋಗುತ್ತಿತ್ತು.

ಮೊದಲು ದೂರಿದವಳು ಬಾಟಲಿ ತುಂಬುವ ಹುಲುಗಮ್ಮ. ಕಣ್ಣು ಉರಿಯುತ್ತದೆ, ಬೆರಳ ಸಂದಿಯ ಚರ್ಮ ಸುಲಿಯುತ್ತದೆ ಎಂದಳು.

"ಇದು ಮೊದಲಿನ ವಿನೆಗರ್ ಅಲ್ಲ ಯವ್ವಾ," ಎಂದು ಸುಷ್ಮಿತಾಳಿಗೆ ಕೈ ತೋರಿಸಿದಳು. ಬೆರಳ ಸಂದಿಗಳು ಕೆಂಪಗಾಗಿ ಸಿಪ್ಪೆ ಎದ್ದಿದ್ದವು. ಸುಷ್ಮಿತಾ ಅವಳನ್ನು ಹುಲಿಗೇಶರ ಮುಂದೆ ಕರೆದೊಯ್ದಳು. ಅವರು ರಿಜಿಸ್ಟರ್ ತೆರೆದು ತೋರಿಸಿದರು. ಹುಲುಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ರಿಜಿಸ್ಟರ್ ಅವಳಿಗೆ ಎದುರಾಗಿ ಸಾಕ್ಷಿ ಹೇಳಿತು. ಒಂದು ಜೊತೆ ಕೈಗವಸು ಕೊಟ್ಟು ಕಳಿಸಿದರು.

ಎರಡನೆಯ ವಾರ ಕಡ್ಡಿರಾಂಪುರದಿಂದ ಕೆಂಚಣ್ಣ ಬಂದ. ಹಂಪಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವನ ಹೋಟೆಲು. ಗೋಬಿ ಮಂಚೂರಿಗೆ ಹೆಸರಾದದ್ದು. ಅರ್ಧ ಖಾಲಿಯಾದ ವಿನೆಗರ್ ಬಾಟಲಿಯನ್ನು ವೀರೇಶರ ಮೇಜಿನ ಮೇಲೆ ಕುಕ್ಕಿದ.

"ಏನು ಹಾಕೀರಿ ಇದರಾಗ? ನನ್ನ ಗೋಬಿ ತಿಂದೋರು ಅಳಕಂತ ಎದ್ದು ಹೊಂಟಾರ. ಒಬ್ಬ ಫಾರಿನ್ನವ, ಇದು ನಿಮ್ಮ ಕಡೀ ಪದ್ಧತಿ ಇರಬೇಕು ಅಂತ ಕಣ್ಣೀರು ಒರೆಸಿಕಂತ ಪೂರ್ತಿ ತಿಂದಾನ. ಫೋಟೋನೂ ತೆಗದಾನ. ಮರುದಿನ ತುಟಿ ಊದಿಸಿಗಂಡು ಬಂದಾನ!"

ವೀರೇಶ್ ಹುಲಿಗೇಶರನ್ನು ಕರೆಸಿದರು. ಹುಲಿಗೇಶ್ ಎಲ್ಲರ ಮುಂದೆಯೇ ಪರೀಕ್ಷೆ ಮಾಡಿ ತೋರಿಸಿದರು. ಕೆಂಪು, ಕಿತ್ತಳೆ, ಹಳದಿ.

"ನಾಲ್ಕು. ಕರೆಕ್ಟ್ ಐತಿ. ನಿಮ್ಮ ಅಡಿಗಿಯಾವ ಚಮಚ ಜಾಸ್ತಿ ಹಾಕ್ಯಾನ."

"ಚಮಚ ಅದೇ ಐತ್ರಿ ಸಾಹೇಬ್ರ! ಹತ್ತು ವರ್ಷದಿಂದ ಅದೇ ಚಮಚ!"

"ಹಂಗಾದ್ರ ನಿಮ್ಮ ಗಿರಾಕಿ ನಾಲಿಗಿ ಸೂಕ್ಷ್ಮ."

ಕೆಂಚಣ್ಣ ಬಾಟಲಿ ಅಲ್ಲಿಯೇ ಬಿಟ್ಟು ಹೋದ. ಆದರೆ ಸುಷ್ಮಿತಾ ಆ ಹೊತ್ತು ಬ್ಯೂರೆಟ್ಟನ್ನಲ್ಲ, ಹುಲಿಗೇಶರ ಮುಖವನ್ನು ನೋಡುತ್ತಿದ್ದಳು. ಹಳದಿ ಎಲ್ಲಿ ಶುರುವಾಗುತ್ತದೆ ಎಂದು ಅವರಿಗೂ ಖಚಿತವಿರಲಿಲ್ಲ. ಫ್ಲಾಸ್ಕನ್ನು ನೋಡಿ, ಬ್ಯೂರೆಟ್ಟಿನ ಅಂಕಿ ನೋಡಿ, ಮತ್ತೆ ಫ್ಲಾಸ್ಕನ್ನು ನೋಡಿ, ಬೇಕಾದ ಅಂಕಿ ಬಂದಾಗ "ಹಾಂ, ಹಳದಿ" ಎನ್ನುತ್ತಿದ್ದರು. ಒಂದು ಮಿಲಿಲೀಟರ್ ಮೊದಲು ನಿಲ್ಲಿಸಿದ್ದರೂ ಹಳದಿಯೇ, ಆಮೇಲೆ ನಿಲ್ಲಿಸಿದ್ದರೂ ಹಳದಿಯೇ. ಟೈಟ್ರೇಷನ್ ಎಂಬ ಈ ಪರೀಕ್ಷೆಯಲ್ಲಿ ಒಂದೇ ಹನಿಗೆ ಬಣ್ಣ ತಿರುಗಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. ಇಲ್ಲಿ ನೂರು ಹನಿ ಹೋದರೂ ಬಣ್ಣ ತಿರುಗುತ್ತಲೇ ಇತ್ತು.

ಉಪ್ಪಿನಕಾಯಿಯ ರಸ ನೋಡಲು ಪ್ರಯೋಗಾಲಯದಲ್ಲಿ ಒಂದು ಪಿಎಚ್ ಮೀಟರ್ ಇತ್ತು; ಅದು ತೋರಿಸುವ ಅಂಕಿ ಏರಿದಷ್ಟೂ ಆಸಿಡ್ಡಿನ ಗುಣ ಕಡಿಮೆ. ಮರುದಿನ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಸುಷ್ಮಿತಾ ಕೆಲಸಕ್ಕೆ ಕುಳಿತಳು. ಗಟ್ಟಿ ಆಸಿಡ್ಡನ್ನು ತಾನೇ ತೂಗಿ, ನೂರಕ್ಕೆ ನಾಲ್ಕು ಇರುವ ವಿನೆಗರ್ ಮಾಡಿದಳು. ಹತ್ತರಷ್ಟು ತೆಳು ಮಾಡಿ, ಇಪ್ಪತ್ತೈದು ಮಿಲಿಲೀಟರ್ ತೆಗೆದುಕೊಂಡು, ಯಾವ ಬಣ್ಣವನ್ನೂ ಹಾಕದೆ, ಮೀಟರಿನ ಕಡ್ಡಿ ಅದ್ದಿ ಕಾಸ್ಟಿಕ್ ಸೋಡಾ ಬಿಡತೊಡಗಿದಳು. ಪ್ರತಿ ಮಿಲಿಲೀಟರಿಗೂ ಪಿಎಚ್ ಬರೆದುಕೊಂಡಳು.

ಆರಂಭದಲ್ಲಿ ಪಿಎಚ್ ಮೂರರ ಸನಿಹ. ಸ್ವಲ್ಪ ಬೇಗ ಏರಿ, ಆಮೇಲೆ ಎಷ್ಟು ಸುರಿದರೂ ಜಪ್ಪಯ್ಯ ಎನ್ನದೆ ಕುಳಿತಿತು. ಎಂಟು ಮಿಲಿಲೀಟರ್ ದಾಟಿದಾಗ ನಾಲ್ಕೂಮುಕ್ಕಾಲು. ಹದಿನೈದಕ್ಕೂ ಐದು ಚಿಲ್ಲರೆ. ಹದಿನಾರೂವರೆಗೆ ಆರು ದಾಟಿ ಏಳರ ಹತ್ತಿರ. ಅಲ್ಲಿಂದ ಹನಿ ಹನಿಯಾಗಿ ಬಿಟ್ಟಳು. ಒಂದು ಹನಿ, ಏಳು ದಾಟಿತು. ಇನ್ನೊಂದು ಹನಿ, ಎಂಟೂವರೆಯಾಚೆ. ಮತ್ತೊಂದು ಹನಿ, ಹತ್ತು! ಆಮೇಲೆ ಮತ್ತೆ ಸೋಮಾರಿಯಾಗಿ ಹನ್ನೊಂದರ ಕಡೆ ಹೊರಟಿತು.

ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಕೂಡಿಸಿದಳು. ಉದ್ದನೆಯ ಮಟ್ಟಸ ನೆಲ, ಅದರ ತುದಿಯಲ್ಲಿ ನೆಟ್ಟಗೆ ಎದ್ದ ಗೋಡೆ. ಗೋಡೆ ಇದ್ದದ್ದು ಹದಿನಾರೂಮುಕ್ಕಾಲರ ಸನಿಹ, ಆಸಿಡ್ ಪೂರ್ತಿ ತೀರಬೇಕಾದ ಜಾಗದಲ್ಲಿಯೇ. ಪುಸ್ತಕ ತೆಗೆದು ಮಿಥೈಲ್ ಆರೆಂಜ್ ಬಣ್ಣ ತಿರುಗುವ ಪಿಎಚ್ ಮಿತಿ ನೋಡಿದಳು: ಮೂರು ಚಿಲ್ಲರೆಯಿಂದ ನಾಲ್ಕು ಚಿಲ್ಲರೆ. ಅಡ್ಡಲಾಗಿ ಎರಡು ಗೆರೆ ಎಳೆದಳು. ಆ ಪಟ್ಟಿ ಗೋಡೆಯ ಹತ್ತಿರಕ್ಕೂ ಬರಲಿಲ್ಲ. ಆರಂಭದಿಂದ ಐದು ಮಿಲಿಲೀಟರಿನವರೆಗೆ ಮಟ್ಟಸ ನೆಲದ ಮೇಲೆ ಮೈಚಾಚಿ ಮಲಗಿತ್ತು. ಫಿನಾಲ್ಫ್ಥಲೀನಿನ ಮಿತಿ ಎಂಟು ಚಿಲ್ಲರೆಯಿಂದ ಹತ್ತು. ಅದು ಗೋಡೆಯ ನಟ್ಟನಡುವೆ ಬಿತ್ತು. ಎರಡು ಹನಿಯೊಳಗೆ ಎಲ್ಲ ಮುಗಿಯುವ ಜಾಗ.

'ಯಾಕ?' ಎಂಬುದಕ್ಕೆ ಉತ್ತರ ಅಂಗೈ ಅಗಲದ ಹಾಳೆಯಲ್ಲಿತ್ತು. ಮೂರು ವರ್ಷ ಓದಿದ್ದರಲ್ಲಿ ಮೊದಲ ಬಾರಿಗೆ ಒಂದು ಸಂಗತಿ ತನ್ನದಾಯಿತು ಎಂದು ಅವಳಿಗೆ ಅನಿಸಿತು. ಜೊತೆಗೆ ಸಿಟ್ಟೂ ಬಂತು. ಇದನ್ನು ತೋರಿಸಲು ಕಾಲೇಜಿಗೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಸಂಜೆ ಹೈಡ್ರೋಕ್ಲೋರಿಕ್ ಆಸಿಡ್ಡಿಗೂ ಹಾಗೆಯೇ ಮಾಡಿ ನೋಡಿದಳು. ಅದರ ಗೋಡೆ ಬಹಳ ಎತ್ತರ, ನಾಲ್ಕರಿಂದ ಹತ್ತರವರೆಗೆ. ಅಲ್ಲಿ ಮಿಥೈಲ್ ಆರೆಂಜ್ ಹಳದಿಯಾಗುವುದೂ ಗೋಡೆಯ ಮೇಲೆಯೇ. ಹುಲಿಗೇಶರಿಗೆ ಇಪ್ಪತ್ತೆರಡು ವರ್ಷ ಅದು ಯಾಕೆ ಕೈಕೊಡಲಿಲ್ಲ ಎಂಬುದೂ ತಿಳಿಯಿತು. ಕೊನೆಗೆ ಕೆಂಚಣ್ಣ ಬಿಟ್ಟುಹೋದ ಬಾಟಲಿಯನ್ನು ಫಿನಾಲ್ಫ್ಥಲೀನ್ ಹಾಕಿ ನೋಡಿದಳು. ಬ್ಯೂರೆಟ್ಟಿನ ಐವತ್ತು ಮಿಲಿಲೀಟರೂ ಮುಗಿದು, ಮತ್ತೆ ತುಂಬಿಸಿ, ಇನ್ನೂ ನಾಲ್ಕೂವರೆ ಬಿಟ್ಟ ಮೇಲೆ ಗುಲಾಬಿ ಬಂತು. ನೂರಕ್ಕೆ ಹದಿಮೂರು.

ಮರುದಿನ ಬೆಳಿಗ್ಗೆ ಗ್ರಾಫ್ ಹಿಡಿದುಕೊಂಡು ನೇರವಾಗಿ ವೀರೇಶರ ಕೋಣೆಗೆ ಹೋದಳು. ಹುಲಿಗೇಶ್ ಆಗಲೇ ಅಲ್ಲಿ ಚಹಾ ಕುಡಿಯುತ್ತಿದ್ದರು.

"ಸರ್, ಬಾಟಲಿದಾಗ ನಾಲ್ಕಲ್ಲ, ಹದಿಮೂರು ಐತ್ರಿ. ತಿಂದೋರ ಬಾಯಿ ಸುಡತೈತಿ. ಇವತ್ತು ವಿನೆಗರ್ ಲಾರಿ ಬಿಡಬ್ಯಾಡ್ರಿ." ಗ್ರಾಫನ್ನು ಮೇಜಿನ ಮೇಲೆ ಹರವಿದಳು. "ನೋಡ್ರಿ, ಇದು ಮಟ್ಟಸ ಐತಲ್ರಿ, ಇಲ್ಲಿ ಬಣ್ಣ ತಿರುಗೋ ಇಂಡಿಕೇಟರ್ ಹಾಕಿದ್ರ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲ್ರಿ. ಗದ್ದಿ ಮಟ್ಟಸ ಇದ್ರ ನೀರು ಎಲ್ಲೀತನ ಬಂತು ಅಂತ ಹೆಂಗ ಹೇಳ್ತೀರಿ? ಬದು ಇದ್ದಲ್ಲಿ ನೋಡಬೇಕ್ರಿ. ಇದು ಬದು."

ಗದ್ದೆಯ ಮಾತು ವೀರೇಶರಿಗೆ ತಕ್ಷಣ ಹಿಡಿಸಿತು. ಆದರೆ ಹುಲಿಗೇಶ್ ಚಹಾದ ಲೋಟ ಕೆಳಗಿಟ್ಟರು.

"ಸರ್, ಚಿತ್ರ ಬರದು ಉಪ್ಪಿನಕಾಯಿ ಹಾಕಾಕ ಆಗತೈತೇನ್ರಿ? ನನ್ನ ಸರ್ವೀಸು ಇಪ್ಪತ್ತೆರಡು ವರ್ಷ. ಈಕಿ ಸರ್ವೀಸು ಮೂರು ತಿಂಗಳು."

ವೀರೇಶ್ ವ್ಯಾಪಾರಸ್ಥರು. ಎರಡು ದರದ ನಡುವೆ ಜಗಳ ಬಂದರೆ ನಡುವಿನ ದರಕ್ಕೆ ಮುಗಿಸುವುದು ಅವರ ಅಭ್ಯಾಸ.

"ಇಬ್ಬರದೂ ಬ್ಯಾಡ. ಎರಡರ ನಡುವ ಯಾವುದಾದ್ರೂ ಇಂಡಿಕೇಟರ್ ಇದ್ರ ತರಿಸೋಣು."

"ಐತ್ರಿ, ಮಿಥೈಲ್ ರೆಡ್," ಎಂದರು ಹುಲಿಗೇಶ್ ಉದಾರವಾಗಿ. "ನಾನು ಅಷ್ಟು ಬಗ್ಗತೀನಿ."

ಸುಷ್ಮಿತಾ ಪೆನ್ಸಿಲ್ ತೆಗೆದು ನಾಲ್ಕು ಚಿಲ್ಲರೆಗೂ ಆರು ಚಿಲ್ಲರೆಗೂ ಎರಡು ಗೆರೆ ಎಳೆದಳು. "ಇದು ಮೂರೂವರೆ ಮಿಲಿಲೀಟರಿಗೆ ಬಣ್ಣ ಬಿಡಾಕ ಶುರುಮಾಡಿ ಹದಿನಾರಕ್ಕ ಮುಗಿಸತೈತ್ರಿ. ಇನ್ನೂ ಕೆಟ್ಟ. ನಡುವ ಇರೋದು ಮುಖ್ಯ ಅಲ್ರಿ ಸರ್, ಗೋಡಿ ಮ್ಯಾಲ ಇರೋದು ಮುಖ್ಯ."

ಮಾಲೀಕರು ತಲೆ ಕೆರೆದುಕೊಂಡರು. ಕೊನೆಗೆ ಸುಷ್ಮಿತಾಳೇ ಒಂದು ದಾರಿ ಹೇಳಿದಳು. ಮಾಲೀಕರು ತಮ್ಮ ಕೈಯಾರೆ ತೂಗಿ ನಾಲ್ಕರ ವಿನೆಗರ್ ಮಾಡಲಿ. ಎಷ್ಟಿದೆ ಎಂದು ಹೇಳದೆ ಇಬ್ಬರಿಗೂ ಕೊಡಲಿ.

ವೀರೇಶ್ ಪ್ರಯೋಗಾಲಯಕ್ಕೆ ಬಂದು ಕನ್ನಡಕ, ಕೈಗವಸು ಹಾಕಿಕೊಂಡು, ಇಬ್ಬರನ್ನೂ ಹೊರಗೆ ನಿಲ್ಲಿಸಿ, ತಕ್ಕಡಿಯ ಮುಂದೆ ನಿಂತರು. ಅಕ್ಕಿಯ ಮನೆತನ, ತೂಗುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಒಂದು ಹನಿ ಹೆಚ್ಚಾದರೆ ತೆಗೆದರು, ಕಡಿಮೆಯಾದರೆ ಹಾಕಿದರು. ಆಮೇಲೆ ಇಬ್ಬರೂ ಒಳಗೆ ಬಂದು ಪರೀಕ್ಷೆ ಮಾಡಿದರು. ಸುಷ್ಮಿತಾಳ ಫ್ಲಾಸ್ಕು ಕೊನೆಯವರೆಗೆ ನೀರಿನಂತೆಯೇ ಇದ್ದು, ಹದಿನಾರು ಪಾಯಿಂಟ್ ಏಳಕ್ಕೆ ಒಂದೇ ಹನಿಗೆ ತೆಳು ಗುಲಾಬಿಯಾಗಿ ನಿಂತಿತು. ನಾಲ್ಕು. ಹುಲಿಗೇಶರಿಗೆ ಈ ಸಲ ಯಾವ ಅಂಕಿ ಬೇಕೆಂದು ಗೊತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ಫ್ಲಾಸ್ಕನ್ನು ಕಿಟಕಿಗೆ ಹಿಡಿದು, ಕೊನೆಗೆ ಐದಕ್ಕೆ ನಿಲ್ಲಿಸಿದರು. ಒಂದು ಚಿಲ್ಲರೆ.

"ನಾಲ್ಕೇ ಹಾಕೀನಿ ನಾನು. ಗುಂಜಿ ಹೆಚ್ಚಿಲ್ಲ, ಗುಂಜಿ ಕಮ್ಮಿ ಇಲ್ಲ," ಎಂದರು ವೀರೇಶ್.

ಇಲ್ಲಿ ಹುಲಿಗೇಶ್ ಸುಮ್ಮನಿದ್ದಿದ್ದರೆ ಬಹುಶಃ ಚರ್ಚೆ ಇನ್ನೂ ಒಂದು ವಾರ ನಡೆಯುತ್ತಿತ್ತು. ವೀರೇಶರಿಗೆ ಗ್ರಾಫ್ ಅರ್ಧವೇ ಅರ್ಥವಾಗಿತ್ತು, ಮ್ಯಾನೇಜರನ್ನು ನೋಯಿಸಲು ಮನಸ್ಸೂ ಇರಲಿಲ್ಲ. ಆದರೆ ಹುಲಿಗೇಶ್ ತಮ್ಮ ಕಿತ್ತಳೆ ಬಾಟಲಿಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಹಂಗಾದ್ರ ನೀವು ತೂಗಿದ್ದು ತಪ್ಪೈತ್ರಿ ಸರ್."

ಕಂಪ್ಲಿಯ ಅಕ್ಕಿ ಮನೆಯವರಿಗೆ ಏನು ಬೇಕಾದರೂ ಹೇಳಬಹುದು. ಅಕ್ಕಿಯಲ್ಲಿ ಕಲ್ಲಿದೆ ಎನ್ನಬಹುದು, ನುಚ್ಚು ಹೆಚ್ಚು ಎನ್ನಬಹುದು. ತೂಕ ತಪ್ಪು ಎನ್ನುವಂತಿಲ್ಲ.

"ಯಾರು ತೂಗಿದ್ದು ತಪ್ಪು?" ಎಂದರು ವೀರೇಶ್ ಮೆಲ್ಲಗೆ. "ನಮ್ಮಪ್ಪ ತೂಗಿದ್ದು, ನಮ್ಮ ತಾತ ತೂಗಿದ್ದು, ಕಂಪ್ಲಿಯಾಗ ಯಾವನಾದ್ರೂ ಒಬ್ಬ ತಪ್ಪು ಅಂದಾನೇನು? ಎತ್ತಿಡ್ರಿ ಆ ಬಾಟಲಿ. ಇವತ್ತಿಂದ ಫಿನಾಲ್... ಅದೇನಮ್ಮಾ ಅದು, ಅದೇ!"

ಹೀಗೆ ರಸಾಯನಶಾಸ್ತ್ರ ಗೆದ್ದಿತು. ರಸಾಯನಶಾಸ್ತ್ರದಿಂದಲ್ಲ ಎಂಬುದು ಸುಷ್ಮಿತಾಳಿಗೆ ಸ್ವಲ್ಪ ಚುಚ್ಚಿತು. ಆದರೆ ಲಾರಿ ನಿಂತಿತ್ತು, ಅಷ್ಟು ಸಾಕಿತ್ತು.

ತೊಟ್ಟಿಗೆ ನೀರು ಸೇರಿಸಿ, ಗುಲಾಬಿ ಬರುವ ಜಾಗ ನೋಡಿ ನೋಡಿ, ನಾಲ್ಕಕ್ಕೆ ಇಳಿಸಿದರು. ಅಂಗಡಿ, ಹೋಟೆಲುಗಳಿಗೆ ಹೋಗಿದ್ದ ಬಾಟಲಿಗಳನ್ನು ವಾಪಸ್ಸು ತರಿಸಿದರು. ಕೆಂಚಣ್ಣನ ಬಳಿಗೆ ವೀರೇಶರೇ ಹೋಗಿ ಬಂದರು. ಅವನು ಹೊಸ ಬಾಟಲಿಯಿಂದ ಒಂದು ಪ್ಲೇಟು ಗೋಬಿ ಮಾಡಿಸಿ, ಮೊದಲು ಮಾಲೀಕರಿಗೇ ತಿನ್ನಿಸಿ, ಅವರ ಕಣ್ಣನ್ನೇ ನೋಡುತ್ತಾ ನಿಂತಿದ್ದನಂತೆ. ಹುಲುಗಮ್ಮನ ಬೆರಳಿಗೆ ಮುಲಾಮು ತಂದುಕೊಟ್ಟವಳು ಸುಷ್ಮಿತಾ. ಕಂಪನಿಗೆ ಅದು ಹೊಳೆಯಲಿಲ್ಲ.

ಹುಲಿಗೇಶರನ್ನು ತೆಗೆದುಹಾಕಲಿಲ್ಲ. ತೆಗೆದರೆ ಯಾರು ಆರಿಸಿದ್ದು ಎಂಬ ಪ್ರಶ್ನೆ ಏಳುತ್ತಿತ್ತು. ಅವರನ್ನು 'ಹಿರಿಯ ತಾಂತ್ರಿಕ ಸಲಹೆಗಾರ'ರನ್ನಾಗಿ ಮಾಡಿ ದೊಡ್ಡ ಕೋಣೆ ಕೊಟ್ಟರು. ಪರೀಕ್ಷೆಯ ರಿಜಿಸ್ಟರಿಗೆ ಸುಷ್ಮಿತಾ ರುಜು ಹಾಕತೊಡಗಿದಳು. ಅವಳ ಹುದ್ದೆಯ ಹೆಸರು ಮಾತ್ರ ಬದಲಾಗಲಿಲ್ಲ.

ಗ್ರಾಫಿಗೆ ವೀರೇಶ್ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ಒಂದು ದಿನ ಸುಷ್ಮಿತಾ ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ಹೋದಾಗ, ಬ್ಯಾಂಕಿನವರೊಬ್ಬರು ಅದನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

"ಮೊದಲು ಭಾಳ ದಿನ ಮಟ್ಟಸ ಇತ್ತು, ಆಮ್ಯಾಲ ಒಮ್ಮೆಲೇ ಜಿಗದೈತಿ ನೋಡ್ರಿ. ಏನು ಬೆಳವಣಿಗಿ ಸರ್ ನಿಮ್ಮ ಕಂಪನೀದು!"

"ದೇವರ ದಯಾ," ಎಂದರು ವೀರೇಶ್. ಸುಷ್ಮಿತಾಳ ಕಡೆ ನೋಡಲಿಲ್ಲ.

ಅದೇ ವಾರ, ಕೆಲಸ ಮುಗಿಯುವ ಹೊತ್ತಿಗೆ ಹುಲಿಗೇಶ್ ಪ್ರಯೋಗಾಲಯದ ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಸ್ಟೂಲಿನ ಮೇಲೆ ಕುಳಿತರು. ಸ್ವಲ್ಪ ಹೊತ್ತು ಬ್ಯೂರೆಟ್ಟಿನ ನಲ್ಲಿ ತಿರುಗಿಸುತ್ತಾ ಇದ್ದರು.

"ಅಲ್ಲಮ್ಮಾ, ಆ ಗ್ರಾಫು... ಅಷ್ಟು ಉದ್ದ ಮಟ್ಟಸ ಯಾಕ ಐತಿ ಅದು?"

ಅಣಕವಿರಲಿಲ್ಲ ದನಿಯಲ್ಲಿ. ಸುಷ್ಮಿತಾ ಅವರ ಎದುರು ಕುಳಿತು ಹೇಳಿದಳು: ವಿನೆಗರಿನ ಆಸಿಡ್ ತನ್ನನ್ನು ಒಮ್ಮೆಲೇ ಬಿಟ್ಟುಕೊಡುವುದಿಲ್ಲ. ಸೋಡಾ ಬಿದ್ದಷ್ಟೂ ಸ್ವಲ್ಪ ಆಸಿಡ್ ಉಪ್ಪಾಗುತ್ತದೆ. ಉಳಿದ ಆಸಿಡ್ಡೂ ಆದ ಉಪ್ಪೂ ಜೊತೆಗಿದ್ದು ಪಿಎಚ್ಚನ್ನು ಅಲುಗಾಡಲು ಬಿಡುವುದಿಲ್ಲ. ಆಸಿಡ್ ತೀರಿದ ಮೇಲೆ ತಡೆಯುವವರು ಇರುವುದಿಲ್ಲ, ಅದಕ್ಕೇ ಒಂದೆರಡು ಹನಿಗೆ ಜಿಗಿಯುತ್ತದೆ. ಆ ಹೊತ್ತಿಗೆ ಫ್ಲಾಸ್ಕಿನಲ್ಲಿ ಉಳಿದ ಉಪ್ಪು ತಾನೇ ತುಸು ಕ್ಷಾರದ ಗುಣದ್ದು, ಹಾಗಾಗಿ ಗೋಡೆಯ ನಡು ಏಳರಲ್ಲಿಲ್ಲ, ಎಂಟೂವರೆಯಾಚೆ ಇದೆ.

ಹುಲಿಗೇಶ್ ತಲೆಯಾಡಿಸಿದರು.

"ಕಾರ್ಖಾನಿದಾಗ ನಮಗ ಒಬ್ಬ ಇಂಜಿನಿಯರ್ ಹೇಳಿಕೊಟ್ಟಿದ್ದ. ಎರಡು ಹನಿ ಹಾಕು, ಹಳದಿಗೆ ನಿಲ್ಲಿಸು ಅಂತ. ಯಾಕ ಅಂತ ನಾನು ಕೇಳಿದ್ದಕ್ಕ ಬೈದಿದ್ದ." ಅವರು ಸ್ವಲ್ಪ ನಕ್ಕರು. "ಆಮ್ಯಾಲ ನಾನೂ ಯಾರಿಗೂ ಕೇಳಾಕ ಬಿಡಲಿಲ್ಲ."

ಸುಷ್ಮಿತಾ ಅವರ ಕಡೆಗೆ ಒಂದು ಖಾಲಿ ಗ್ರಾಫ್ ಹಾಳೆ ಸರಿಸಿ, ಪಿಎಚ್ ಮೀಟರಿನ ಗುಂಡಿ ಒತ್ತಿದಳು. ಹುಲಿಗೇಶ್ ಕನ್ನಡಕ ಒರೆಸಿಕೊಂಡು ಪೆನ್ಸಿಲ್ ಕೈಗೆ ತೆಗೆದುಕೊಂಡರು. ಊರ ಕಡೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.